“ನಂಬರ್ ಹಾಕ್ದೆ ಸಿಸ್ಟಂ ತಗೊಳಲ್ಲ್ರಿ”: ಬಳ್ಳಾರಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿನ ಅಧ್ಯಕ್ಷರು,
ಬಳ್ಳಾರಿ

ಮಾನ್ಯರೇ,

ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿ ಇರಲಿ, ಗಾಂಧಿನಗರದ ಔಷಧಿ ಅಂಗಡಿ ಇರಲಿ, ಬಿಲ್ ಕೌಂಟರಿನಲ್ಲಿ ಈಗ ದುಡ್ಡಿಗಿಂತ ಮೊದಲು ಕೇಳುವುದು ಫೋನ್ ನಂಬರ್. “ನಂಬರ್ ಹೇಳ್ರಿ ಅಕ್ಕಾ” ಅನ್ನುತ್ತಾರೆ. “ಬ್ಯಾಡ್ರಿ, ಹಂಗೇ ಬಿಲ್ ಕೊಡ್ರಿ” ಅಂದರೆ ಸಿದ್ಧ ಉತ್ತರ ಒಂದೇ: “ನಂಬರ್ ಹಾಕ್ದೆ ಸಿಸ್ಟಂ ತಗೊಳಲ್ಲ್ರಿ.” ಹಿಂದೆ ಸಾಲು ನಿಂತಿರುತ್ತದೆ, ಮಗು ರಚ್ಚೆ ಹಿಡಿದಿರುತ್ತದೆ. ಹತ್ತು ಅಂಕಿ ಹೇಳಿ ಹೊರಟುಬಿಡುತ್ತಾರೆ.

ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವರಿದ್ದಾರೆ, ಗ್ರಾಹಕರ ದೂರು ಬರೆದುಕೊಡುವವರೂ ಇದ್ದಾರೆ. ಸಿಸ್ಟಂ ಏನನ್ನು ತಗೊಳ್ಳುತ್ತದೆ, ಏನನ್ನು ತಗೊಳ್ಳುವುದಿಲ್ಲ ಎಂಬುದು ನಮ್ಮ ದಿನದ ಕೆಲಸ. ಅಂಗಡಿಗಳಿಗೆ ಬರೆಯುವ ಬದಲು ತಮಗೇ ಬರೆಯಲು ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಜಿಲ್ಲಾ ಗ್ರಾಹಕ ಸಂರಕ್ಷಣಾ ಪರಿಷತ್ತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. 16ನೇ ಸೆಕ್ಷನ್, ಒಟ್ಟಾರೆ ಗ್ರಾಹಕರ ಹಕ್ಕಿಗೆ ಧಕ್ಕೆಯಾದ ದೂರು ಬಂದಾಗ ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸುವ ಅಧಿಕಾರವನ್ನು ತಮಗೆ ಕೊಟ್ಟಿದೆ. ನಂಬರಿನ ವಿಷಯ ಒಬ್ಬರ ಜಗಳವಲ್ಲ, ಕೌಂಟರಿಗೆ ಬರುವ ಪ್ರತಿಯೊಬ್ಬರದ್ದು. ಹಾಗಾಗಿ ಅದು ಈ ಸೆಕ್ಷನ್‌ಗೆ ಸರಿಯಾಗಿ ಕೂರುತ್ತದೆ ಎಂದು ನಮ್ಮ ತಿಳಿವಳಿಕೆ.

ಮೊದಲು ಆ ‘ಸಿಸ್ಟಂ’ ವಿಚಾರ. ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಗ್ರಾಹಕರ ಮೊಬೈಲ್ ನಂಬರಿಗೆ ಒಂದು ಖಾನೆ ಇರುತ್ತದೆ. ಅದನ್ನು ಖಾಲಿ ಬಿಟ್ಟರೂ ಬಿಲ್ ಬರಬೇಕೋ, ತುಂಬಿದರೆ ಮಾತ್ರ ಬರಬೇಕೋ ಎಂಬುದು ಸೆಟ್ಟಿಂಗ್ಸ್‌ನಲ್ಲಿ ಮಾಡಿಕೊಳ್ಳುವ ಆಯ್ಕೆ. ಯಾರೋ ಒಬ್ಬರು ಅಲ್ಲಿ ಟಿಕ್ ಹಾಕಿದ್ದಕ್ಕೇ ಅದು ಕಡ್ಡಾಯವಾಗಿದೆ. ಟಿಕ್ ತೆಗೆದರೆ ಕಡ್ಡಾಯ ಹೋಗುತ್ತದೆ. ಹೆಸರು ದಾಖಲಿಸದ ಗಿರಾಕಿಗೆಂದೇ ‘ಕ್ಯಾಶ್ ಕಸ್ಟಮರ್’ ಅಥವಾ ‘ವಾಕ್-ಇನ್’ ಎಂಬ ಖಾತೆ ಮಾಡಿಟ್ಟುಕೊಳ್ಳುವುದು ಈ ಕೆಲಸದಲ್ಲಿ ಹಳೆಯ ರೂಢಿ. ನಮ್ಮೂರಿನದೇ ಒಂಟಿ ಅಂಗಡಿಯಾದರೆ ಮಾಲೀಕರು ನಿಂತಲ್ಲೇ ಇದನ್ನು ಬದಲಾಯಿಸಬಹುದು. ಹತ್ತಾರು ಊರಲ್ಲಿ ಶಾಖೆ ಇರುವ ಮಳಿಗೆಯಲ್ಲಿ ಮಾತ್ರ ಕೀಲಿ ಮುಖ್ಯ ಕಚೇರಿಯಲ್ಲಿರುತ್ತದೆ, ಕೌಂಟರಿನ ಹುಡುಗ ಹುಡುಗಿಯರ ಕೈಯಲ್ಲಿ ಏನೂ ಇರುವುದಿಲ್ಲ. ಎಷ್ಟೋ ಕಡೆ ನೂರು ಬಿಲ್ಲಿನಲ್ಲಿ ಇಷ್ಟಕ್ಕೆ ನಂಬರ್ ಬರಲೇಬೇಕು ಎಂದು ಅವರ ತಲೆಯ ಮೇಲೆ ಟಾರ್ಗೆಟ್ ಬೇರೆ ಇರುತ್ತದೆ. ಅವರ ಮೇಲೆ ರೇಗಾಡಿ ಪ್ರಯೋಜನವಿಲ್ಲ.

ಸಿಸ್ಟಂಗೆ ನಿಜವಾದ ನಂಬರ್ ಬೇಕಾಗಿಲ್ಲ ಅನ್ನುವುದಕ್ಕೆ ಪುರಾವೆ ಕೌಂಟರಿನಲ್ಲೇ ಸಿಗುತ್ತದೆ. ಗಿರಾಕಿ ಪಟ್ಟು ಹಿಡಿದರೆ ಬಿಲ್ ಮಾಡುವವರು ಹತ್ತು ಸಲ ಒಂಬತ್ತು ಒತ್ತುತ್ತಾರೆ, ಬಿಲ್ ಹೊರಗೆ ಬರುತ್ತದೆ. ಖಾನೆಗೆ ಬೇಕಿರುವುದು ಹತ್ತು ಅಂಕಿ, ಅಷ್ಟೇ.

ಕಾನೂನು ಏನಾದರೂ ಈ ನಂಬರನ್ನು ಕೇಳುತ್ತದೆಯೇ? 2020ರ ಗ್ರಾಹಕ ಸಂರಕ್ಷಣಾ ಸಾಮಾನ್ಯ ನಿಯಮಗಳಲ್ಲಿ ಬಿಲ್ಲಿನ ಮೇಲೆ ಏನೇನಿರಬೇಕು ಎಂಬ ಪಟ್ಟಿಯಿದೆ. ಮಾರುವವರ ಹೆಸರು ವಿಳಾಸ, ಕ್ರಮಸಂಖ್ಯೆ, ತಾರೀಖು, ಗ್ರಾಹಕರ ಹೆಸರು, ಸಾಮಾನಿನ ವಿವರ ಮತ್ತು ಪ್ರಮಾಣ, ತೆರಿಗೆ, ರಿಯಾಯಿತಿ ಎಲ್ಲವೂ ಅದರಲ್ಲಿವೆ. ಗ್ರಾಹಕರ ಮೊಬೈಲ್ ನಂಬರ್ ಇಲ್ಲ. ಜಿಎಸ್‌ಟಿ ನಿಯಮ ಇನ್ನೂ ಸಡಿಲ. ನೋಂದಣಿ ಇಲ್ಲದ ಸಾಮಾನ್ಯ ಖರೀದಿದಾರರ ಹೆಸರು ವಿಳಾಸವನ್ನು ಬರೆಯಲೇಬೇಕಾಗುವುದು ಬಿಲ್ 50,000 ರೂಪಾಯಿ ಮುಟ್ಟಿದಾಗ. ಅಲ್ಲಿಯೂ ಫೋನ್ ನಂಬರಿನ ಮಾತಿಲ್ಲ. “ಜಿಎಸ್‌ಟಿಗೆ ಬೇಕ್ರಿ” ಎಂದು ಯಾರಾದರೂ ಹೇಳಿದರೆ ಅದು ಸುಳ್ಳು, ಅಥವಾ ಅವರಿಗೇ ಯಾರೋ ಹೇಳಿಕೊಟ್ಟ ಸುಳ್ಳು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಗೆ ಇಂಥ ದೂರುಗಳು ಸಾಕಷ್ಟು ಹೋದ ಮೇಲೆ, 2023ರ ಮೇ ತಿಂಗಳಲ್ಲಿ ಅದು ಚಿಲ್ಲರೆ ವ್ಯಾಪಾರಿಗಳ ಮತ್ತು ಉದ್ಯಮಗಳ ಸಂಘಟನೆಗಳಿಗೆ ಸಲಹಾ ಸುತ್ತೋಲೆ ಕಳಿಸಿತು. ನಂಬರ್ ಕೊಡದಿದ್ದರೆ ಬಿಲ್ ಇಲ್ಲ, ಸೇವೆ ಇಲ್ಲ ಎನ್ನುವುದು ಅನುಚಿತ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿ ಎಂಬುದು ಅದರ ತಿರುಳು. ಸುತ್ತೋಲೆಗೆ ತನ್ನದೇ ದಂಡದ ಬಲವಿಲ್ಲ, ಅದನ್ನು ಒಪ್ಪಿಕೊಳ್ಳೋಣ. ಆದರೆ ಅದು ಆಧರಿಸಿರುವ ಕಾಯ್ದೆಗೆ ಬಲವಿದೆ. ಬಿಲ್ ಕೊಡದಿರುವುದನ್ನು ಕಾಯ್ದೆಯ 2(47)ನೇ ಸೆಕ್ಷನ್ ಅನುಚಿತ ವ್ಯಾಪಾರ ಪದ್ಧತಿ ಎಂದು ಹೆಸರಿಟ್ಟೇ ಹೇಳುತ್ತದೆ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿನ ಆಧಾರವಿಲ್ಲದೆ ಬೇರೆಯವರಿಗೆ ತಿಳಿಸುವುದೂ ಅದೇ ಪಟ್ಟಿಯಲ್ಲಿದೆ.

ಹಾಗಾದರೆ ಅಂಗಡಿಗೆ ಈ ಹತ್ತು ಅಂಕಿ ಯಾಕೆ ಬೇಕು? ಒಂದು ಉದಾಹರಣೆ ಹಿಡಿದು ನೋಡೋಣ.

ಸಿರುಗುಪ್ಪದ ಕಡೆಯ ಒಂದು ಕುಟುಂಬ ದೀಪಾವಳಿಗೆ ಬಳ್ಳಾರಿಗೆ ಬಂದು 2,860 ರೂಪಾಯಿಯ ಬಟ್ಟೆ ತಗೊಂಡಿತು ಅಂದುಕೊಳ್ಳಿ. ಕೌಂಟರಿನಲ್ಲಿ “ಪಾಯಿಂಟ್ಸ್ ಬರ್ತಾವ್ರಿ” ಎಂದು ನಂಬರ್ ತಗೊಂಡರು. ನೂರು ರೂಪಾಯಿಗೆ ಒಂದು ಪಾಯಿಂಟ್, ಒಂದು ಪಾಯಿಂಟಿಗೆ 50 ಪೈಸೆ ಎಂಬ ಲೆಕ್ಕವಾದರೆ ಬಂದದ್ದು 28 ಪಾಯಿಂಟ್, ಅಂದರೆ 14 ರೂಪಾಯಿ. ನೂರು ಪಾಯಿಂಟ್ ಆಗುವವರೆಗೆ ಬಳಸುವಂತಿಲ್ಲ, ವರ್ಷ ಕಳೆದರೆ ಪಾಯಿಂಟ್ ಹೋಗುತ್ತವೆ ಎಂಬ ಷರತ್ತಿದ್ದರೆ, ಆ 14 ರೂಪಾಯಿ ಕೈಗೆ ಬರಬೇಕಾದರೆ ಅದೇ ವರ್ಷದೊಳಗೆ ಅದೇ ಅಂಗಡಿಯಲ್ಲಿ ಒಟ್ಟು ಹತ್ತು ಸಾವಿರ ರೂಪಾಯಿಯ ಬಟ್ಟೆ ತಗೊಳ್ಳಬೇಕು. ವರ್ಷಕ್ಕೊಮ್ಮೆ ಹಬ್ಬಕ್ಕೆ ಬರುವವರಿಗೆ ಇದು ಆಗದ ಮಾತು. ಎರಡು ತಿಂಗಳಿಗೊಮ್ಮೆ ಬರುವವರಿಗೆ ನಿಜವಾಗಿ ಏನೋ ಸಿಗುತ್ತದೆ. ಅಂಥವರು ಲೆಕ್ಕ ಹಾಕಿ ನಂಬರ್ ಕೊಟ್ಟರೆ ನಮ್ಮ ತಕರಾರಿಲ್ಲ.

ಅಂಗಡಿಯ ಕಡೆ ಏನಾಯಿತು? ನಂಬರ್ ಇಲ್ಲದಿದ್ದರೆ ಆ 2,860 ದಿನದ ಗಲ್ಲಾದಲ್ಲಿ ಬೆರೆತುಹೋಗುವ ಒಂದು ಮೊತ್ತ. ನಂಬರ್ ಬಂದ ಕೂಡಲೇ ಅದು ಒಬ್ಬರ ಹೆಸರಿನ ಕೆಳಗಿನ ಒಂದು ಸಾಲು. ಎರಡು ಸೀರೆ, ಆರು ವರ್ಷದ ಹುಡುಗನ ಅಳತೆಯ ಒಂದು ಜೊತೆ, ತಾರೀಖು, ಗಂಟೆ, ದುಡ್ಡು ಕೊಟ್ಟ ಬಗೆ. ಮುಂದಿನ ಸಲ ಬಂದಾಗ ಎರಡನೇ ಸಾಲು. ಸಾಫ್ಟ್‌ವೇರ್ ಪ್ರತಿ ನಂಬರಿಗೂ ಮೂರು ಪ್ರಶ್ನೆ ಹಾಕಿಕೊಳ್ಳುತ್ತದೆ: ಕೊನೆಗೆ ಬಂದದ್ದು ಯಾವಾಗ, ಎಷ್ಟು ಸಲ ಬಂದರು, ಒಟ್ಟು ಎಷ್ಟು ಖರ್ಚು ಮಾಡಿದರು. ಆ ಉತ್ತರದ ಮೇಲೆ ಗಿರಾಕಿಗಳು ಗುಂಪುಗುಂಪಾಗುತ್ತಾರೆ. ಹೋದ ಹಬ್ಬಕ್ಕೆ ಬಂದು ಆಮೇಲೆ ಕಾಣದವರಿಗೆ ಯುಗಾದಿ ಮುಂದೆ “ನಿಮಗಾಗಿಯೇ 200 ರೂಪಾಯಿ ಕಡಿತ” ಎಂಬ ಮೆಸೇಜು ಹೋಗುತ್ತದೆ. ಕೇಳದೆಯೂ ಪದೇಪದೇ ಬರುವವರಿಗೆ ಅದು ಹೋಗುವುದಿಲ್ಲ. ಅವರು ಹೇಗೂ ಬರುತ್ತಾರಲ್ಲ!

ಇಷ್ಟು ಅಂಗಡಿಯ ಒಳಗಿನ ಲೆಕ್ಕ, ಇದರಲ್ಲಿ ದೊಡ್ಡ ಅಪಾಯವೇನಿಲ್ಲ. ಹೊರಗೆ ಹೋಗುವ ದಾರಿಗಳದ್ದೇ ಬೇರೆ ಕಥೆ. ಕಾಗದ ಉಳಿಸುವ ಹೆಸರಿನಲ್ಲಿ ಮೊಬೈಲಿಗೆ ಬರುವ ಬಿಲ್ಲಿನ ಲಿಂಕ್ ಹಲವು ಕಡೆ ಅಂಗಡಿಯದ್ದಾಗಿರುವುದಿಲ್ಲ, ಅಂಥ ಸೇವೆ ಮಾರುವ ಮೂರನೆಯ ಕಂಪನಿಯದ್ದು. ನೀವು ಏನು ಕೊಂಡಿರಿ ಎಂಬ ಪೂರ್ತಿ ಬಿಲ್ ಅವರ ಸರ್ವರಿನಲ್ಲಿರುತ್ತದೆ. ಇನ್ನೊಂದು ದಾರಿ ಜಾಹೀರಾತಿನದು. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಗೂಗಲ್ ಇವುಗಳಿಗೆ ಅಂಗಡಿ ತನ್ನ ಗಿರಾಕಿಗಳ ನಂಬರಿನ ಪಟ್ಟಿ ಏರಿಸಿ, “ಇವರಿಗೆ ನಮ್ಮ ಜಾಹೀರಾತು ತೋರಿಸಿ, ಇವರಂಥವರನ್ನು ಹುಡುಕಿ ಅವರಿಗೂ ತೋರಿಸಿ” ಎಂದು ಹೇಳಬಹುದು. ಅಂಗಡಿಯಿಂದ ಮನೆಗೆ ಬಂದು ಫೋನ್ ತೆರೆದರೆ ಅದೇ ಅಂಗಡಿಯ ಜಾಹೀರಾತು ಕಾಣುವುದಕ್ಕೆ ಇದೂ ಒಂದು ಕಾರಣ.

ಪಟ್ಟಿಯನ್ನು ಸಂಕೇತಾಕ್ಷರವಾಗಿ ಮಾರ್ಪಡಿಸಿ ಕಳಿಸುತ್ತೇವೆ, ನಂಬರ್ ಯಾರಿಗೂ ಕಾಣುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಆ ಮಾತು ಅರ್ಧ ನಿಜ. ಒಂದೇ ನಂಬರಿಗೆ ಯಾವಾಗಲೂ ಒಂದೇ ಸಂಕೇತ ಬರುವುದರಿಂದಲೇ ಎರಡೂ ಕಡೆಯ ಪಟ್ಟಿ ತಾಳೆಯಾಗುವುದು. ನಮ್ಮ ದೇಶದ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುವ ಹತ್ತು ಅಂಕಿಗಳು, ಎಲ್ಲ ಸೇರಿ 400 ಕೋಟಿ ಸಾಧ್ಯತೆ. ಮನುಷ್ಯರಿಗೆ ಅದು ದೊಡ್ಡ ಸಂಖ್ಯೆ. ಕಂಪ್ಯೂಟರಿಗೆ ಅಷ್ಟಕ್ಕೂ ಸಂಕೇತ ಮಾಡಿ ತಾಳೆ ನೋಡುವುದು ಸಣ್ಣ ಕೆಲಸ.

ಇನ್ನು ಹಳೆಯ ದಾರಿ, ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಹೋಗುವುದು. ಎಷ್ಟೋ ಸಣ್ಣ ಅಂಗಡಿಗಳಲ್ಲಿ ಗ್ರಾಹಕರ ಪಟ್ಟಿಯನ್ನು ಎಕ್ಸೆಲ್ ಫೈಲಾಗಿ ತೆಗೆಯಲು ಬೇರೆ ಪಾಸ್‌ವರ್ಡೇ ಇರುವುದಿಲ್ಲ. ಬಿಲ್ ಮಾಡುವ ಯಾರೇ ಆದರೂ ನಾಲ್ಕು ಸಲ ಕ್ಲಿಕ್ ಮಾಡಿ ತೆಗೆಯಬಹುದು. ಕೆಲಸ ಬಿಟ್ಟು ಹೋದವರ ಜೊತೆ ಪಟ್ಟಿಯೂ ಹೋದರೆ ಮಾಲೀಕರಿಗೆ ಗೊತ್ತೇ ಆಗುವುದಿಲ್ಲ.

ಇದೆಲ್ಲ ಯಾವ ಊರಿಗಾದರೂ ಸಲ್ಲುವ ಮಾತು. ನಮ್ಮ ಜಿಲ್ಲೆಯಲ್ಲಿ ವಿಶೇಷವಾಗಿ ಕಾಡುವುದು ಬೇರೆ: ಮನೆಗೆಲ್ಲ ಒಂದೇ ನಂಬರ್. ಕುರುಗೋಡು, ಸಂಡೂರು, ಕಂಪ್ಲಿ ಕಡೆಯ ಹಳ್ಳಿಗಳಿಂದ ಪೇಟೆಗೆ ಬರುವ ಎಷ್ಟೋ ಹೆಣ್ಣುಮಕ್ಕಳಿಗೆ ತಮ್ಮದೇ ನಂಬರ್ ಇಲ್ಲ. ಗಂಡನದೋ, ಮಗನದೋ, ಮೈದುನನದೋ ಹೇಳುತ್ತಾರೆ. ಬಟ್ಟೆ ಅಂಗಡಿಯಲ್ಲಿ ಅದು ಹಾಗೆ ದಾಟಿಹೋಗಬಹುದು, ಔಷಧಿ ಅಂಗಡಿಯಲ್ಲಿ ದಾಟುವುದಿಲ್ಲ. ಗರ್ಭ ಪರೀಕ್ಷೆಯ ಕಿಟ್, ಗರ್ಭನಿರೋಧಕ ಮಾತ್ರೆ, ಮಾನಸಿಕ ಕಾಯಿಲೆಯ ಗುಳಿಗೆ, ಯಾವುದೇ ಇರಲಿ, ಮಾತ್ರೆಯ ಹೆಸರು ಸಮೇತ ಬಿಲ್ಲಿನ ಲಿಂಕ್ ಇನ್ನೊಬ್ಬರ ಫೋನಿಗೆ ಹೋಗುತ್ತದೆ. 25 ದಿನ ಕಳೆದ ಮೇಲೆ “ನಿಮ್ಮ ಮಾತ್ರೆ ಮುಗಿಯುತ್ತಾ ಬಂತು, ಮತ್ತೆ ಆರ್ಡರ್ ಮಾಡಿ” ಎಂಬ ನೆನಪೋಲೆಯೂ ಹೋಗುತ್ತದೆ. ಯಾರ ಮಾತ್ರೆ ಎಂದು ಮನೆಯಲ್ಲಿ ವಿಚಾರಣೆ ಶುರುವಾಗಲು ಅಷ್ಟು ಸಾಕು. ಸಿಮ್ ಬಿಟ್ಟುಬಿಟ್ಟವರ ನಂಬರನ್ನು 90 ದಿನಗಳ ನಂತರ ಬೇರೆಯವರಿಗೆ ಕೊಡಬಹುದು. ಆಗ ಈ ನೆನಪೋಲೆಗಳು ಊರು ಪರಿಚಯವಿಲ್ಲದವರಿಗೆ ಹೋಗುತ್ತವೆ.

ಔಷಧಿ ಅಂಗಡಿಯವರು ಕೊಡುವ ಕಾರಣ “ಡ್ರಗ್ ಕಂಟ್ರೋಲ್‌ನವರು ಕೇಳ್ತಾರ್ರಿ” ಎಂಬುದು. ಇದರಲ್ಲಿ ಒಂದು ಎಳೆ ನಿಜ ಇರುವುದರಿಂದ ಬಿಡಿಸಿ ಹೇಳುತ್ತೇವೆ. ಕೆಲವು ಆ್ಯಂಟಿಬಯಾಟಿಕ್, ಕ್ಷಯದ ಔಷಧಿ, ಚಟ ಹಿಡಿಸುವ ಔಷಧಿಗಳು ‘ಶೆಡ್ಯೂಲ್ ಎಚ್1’ ಎಂಬ ಪಟ್ಟಿಯಲ್ಲಿವೆ. ಇವನ್ನು ಮಾರಿದಾಗ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಬರೆಯಬೇಕಾದದ್ದು ಚೀಟಿ ಬರೆದ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿಯ ಹೆಸರು, ಕೊಟ್ಟ ಪ್ರಮಾಣ. ರೋಗಿಯ ಫೋನ್ ನಂಬರ್ ಅದರಲ್ಲಿಲ್ಲ. ಪ್ಯಾರಾಸಿಟಮಾಲ್ ಸ್ಟ್ರಿಪ್ಪಿಗಂತೂ ಆ ರಿಜಿಸ್ಟರೇ ಬೇಕಿಲ್ಲ.

ನಂಬರ್ ನ್ಯಾಯವಾಗಿ ಬೇಕಾಗುವ ಕಡೆಗಳೂ ಇವೆ. ಮನೆಗೆ ಸಾಮಾನು ತಲುಪಿಸಬೇಕಾದಾಗ, ರಿಪೇರಿಗೆ ಮಿಕ್ಸಿ ಬಿಟ್ಟುಬಂದಾಗ, ಪ್ಯಾಂಟ್ ಉದ್ದ ಕತ್ತರಿಸಲು ಕೊಟ್ಟಾಗ ಅಂಗಡಿಯವರು ತಿಳಿಸುವುದಾದರೂ ಹೇಗೆ? ಗೊಬ್ಬರದ ಅಂಗಡಿಯಲ್ಲಿ ಯೂರಿಯಾಗೆ ಆಧಾರ್ ಹಿಡಿದು ಬೆರಳು ಒತ್ತಿಸುವುದು ಸರ್ಕಾರದ ಸಬ್ಸಿಡಿ ವ್ಯವಸ್ಥೆಯ ಭಾಗ. ಅದನ್ನೂ ಇದನ್ನೂ ಬೆರೆಸಬಾರದು.

ಕೌಂಟರಿನಲ್ಲಿ ಬೇಡ ಎನ್ನುವುದು ಹೇಗೆ ಎಂಬುದನ್ನು, ಈ ಪತ್ರ ಓದುವ ಜನರಿಗಾಗಿ, ಇಲ್ಲಿಯೇ ಬರೆಯುತ್ತೇವೆ. ಸಾಮಾನು ಸ್ಕ್ಯಾನ್ ಮಾಡುವ ಮೊದಲೇ “ನಂಬರ್ ಕೊಡಲ್ರಿ, ಕಾಗದದ ಬಿಲ್ ಕೊಡ್ರಿ” ಎಂದು ಹೇಳಬೇಕು. ಕೆಲವು ಸಾಫ್ಟ್‌ವೇರಿನಲ್ಲಿ ನಂಬರಿನ ಖಾನೆ ಬಿಲ್ಲಿನ ಮೊದಲ ಪುಟದಲ್ಲೇ ಇರುತ್ತದೆ, ಆಮೇಲೆ ಹೇಳಿದರೆ ಬಿಲ್ ರದ್ದು ಮಾಡಿ ಮೊದಲಿಂದ ಶುರುಮಾಡಬೇಕಾಗುತ್ತದೆ. ಅವರ ಸಿಟ್ಟು ಅದಕ್ಕೇ. “ಸಿಸ್ಟಂ ತಗೊಳಲ್ಲ” ಅಂದರೆ “ವಾಕ್-ಇನ್ ಅಂತ ಹಾಕ್ರಿ, ಇಲ್ಲಾಂದ್ರ ಮ್ಯಾನೇಜರ್‌ನ ಕರೀರಿ” ಅನ್ನಬಹುದು. ಹೆಚ್ಚಿನ ಕಡೆ ಇಷ್ಟಕ್ಕೇ ಮುಗಿಯುತ್ತದೆ. ಅದಕ್ಕೂ ಬಗ್ಗದಿದ್ದರೆ, ನಂಬರ್ ಇಲ್ಲದೆ ಬಿಲ್ ಇಲ್ಲ ಎಂದು ಒಂದು ಚೀಟಿಯಲ್ಲಿ ಬರೆದುಕೊಡಲು ಕೇಳಿ. ಬರೆದುಕೊಡುವವರು ಕಡಿಮೆ.

ಸದಸ್ಯರಿಗೆ ಮಾತ್ರ ಎಂದು ಬರೆದ ರಿಯಾಯಿತಿಯನ್ನು ನಂಬರ್ ಕೊಡದೆ ಕೇಳಿದರೆ ಅಂಗಡಿ ಇಲ್ಲ ಅನ್ನಬಹುದು, ಅಲ್ಲಿ ಹಟ ಹಿಡಿದು ಗೆಲ್ಲುವುದು ಕಷ್ಟ. ಆದರೆ ಎಲ್ಲರಿಗೂ ಅಂತ ಬೋರ್ಡ್ ಹಾಕಿದ ದರಕ್ಕೆ, ಬಿಲ್ಲಿಗೆ, ಬದಲಾಯಿಸಿಕೊಡುವುದಕ್ಕೆ ನಂಬರ್ ಷರತ್ತಾಗಬಾರದು. ಬದಲಾವಣೆಗೆ ಬೇಕಾದದ್ದು ಕಾಗದದ ಬಿಲ್ ಮತ್ತು ಅದರ ಕ್ರಮಸಂಖ್ಯೆ. ಒಂದು ಎಚ್ಚರ: ಕೌಂಟರಿನ ಬಿಲ್ ಶಾಖದಿಂದ ಅಚ್ಚಾಗುವ ಕಾಗದ, ನಮ್ಮ ಬಳ್ಳಾರಿ ಬಿಸಿಲಿಗೆ ಗಾಡಿಯ ಡಿಕ್ಕಿಯಲ್ಲಿಟ್ಟರೆ ಕಪ್ಪಾಗುತ್ತದೆ ಅಥವಾ ಮಾಸುತ್ತದೆ. ವಾರಂಟಿ ಇರುವ ಸಾಮಾನಾದರೆ ಅಂದೇ ಫೋಟೋ ತೆಗೆದಿಟ್ಟುಕೊಳ್ಳಿ.

ಬಾಯಿಗೆ ಬಂದ ಹತ್ತು ಅಂಕಿ ಹೇಳಿ ತಪ್ಪಿಸಿಕೊಳ್ಳುವುದು ಜಾಣತನದಂತೆ ಕಾಣುತ್ತದೆ. ಬೇಡ. ಆ ಅಂಕಿ ಯಾರದೋ ನಿಜವಾದ ಫೋನಾಗಿದ್ದರೆ ನಿಮ್ಮ ಬಿಲ್ ಅವರಿಗೆ ಹೋಗುತ್ತದೆ. ಇದರ ತಿರುಗುಮುರುಗೂ ನಡೆಯುತ್ತದೆ. ನೀವು ಬೇಡವೆಂದಾಗ ಬಿಲ್ ಮಾಡುವವರು ತಮ್ಮದೇ ನಂಬರ್ ಹಾಕಿ ನಿಮ್ಮ ಖರೀದಿಯ ಪಾಯಿಂಟ್ ತಾವು ಕೂಡಿಸಿಕೊಳ್ಳಬಹುದು. ಬಿಲ್ಲಿನ ಮೇಲ್ಭಾಗದಲ್ಲಿ ಅಥವಾ ಕೊನೆಯಲ್ಲಿ ಯಾವುದಾದರೂ ನಂಬರಿನ ಕೊನೆಯ ನಾಲ್ಕಂಕಿ, ‘ಪಾಯಿಂಟ್ಸ್ ಬ್ಯಾಲೆನ್ಸ್’ ಎಂಬ ಸಾಲು ಇದೆಯೇ ನೋಡಿ. ಇದ್ದರೆ ಆ ಬಿಲ್ಲು ಬೇರೆಯವರ ಹೆಸರಲ್ಲಿ ಕೂತಿದೆ. ನಾಳೆ ವಾರಂಟಿ ಕೇಳಲು ಹೋದಾಗ ತೊಡಕಾಗುತ್ತದೆ.

ಒಟಿಪಿ ಕೇಳಿದರೆ ಇನ್ನೂ ಹುಷಾರಾಗಿರಬೇಕು. ಬಿಲ್ಲಿಗೆ ಒಟಿಪಿ ಯಾವತ್ತೂ ಬೇಕಾಗಿಲ್ಲ. ಕೌಂಟರಿನಲ್ಲಿ ಕೇಳುವ ಒಟಿಪಿ ಸಾಮಾನ್ಯವಾಗಿ ನಿಮ್ಮನ್ನು ಸದಸ್ಯರನ್ನಾಗಿ ಸೇರಿಸಲು, ಜಾಹೀರಾತಿಗೆ ಒಪ್ಪಿದ್ದೀರಿ ಎಂದು ದಾಖಲಿಸಲು, ಅಥವಾ ಪಾಯಿಂಟ್ ಬಳಸಲು. ಅಂಕಿ ಹೇಳುವ ಮುಂಚೆ ಮೆಸೇಜನ್ನು ಪೂರ್ತಿ ಓದಿ, ಯಾವುದಕ್ಕೆ ಎಂದು ಅದರಲ್ಲೇ ಇರುತ್ತದೆ. ಒಮ್ಮೆ ಒಪ್ಪಿಗೆ ದಾಖಲಾದರೆ, ಪ್ರಚಾರದ ಕರೆ, ಮೆಸೇಜು ಬೇಡವೆಂದು ಡಿಎನ್‌ಡಿ ಹಾಕಿಸಿದ್ದರೂ ಆ ಅಂಗಡಿಯ ಮೆಸೇಜು ಬರುತ್ತದೆ. “ಡಿಎನ್‌ಡಿ ಐತಿ, ಆದ್ರೂ ಬರ್ತಾವು” ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಒಪ್ಪಿಗೆಯೇ.

ಈಗಾಗಲೇ ನಂಬರ್ ಕೊಟ್ಟಾಗಿದೆ, ಮೆಸೇಜು ನಿಲ್ಲುತ್ತಿಲ್ಲ ಎನ್ನುವವರು ಮೊದಲು ಕಳಿಸಿದವರ ಹೆಸರು ನೋಡಬೇಕು. ವ್ಯಾಪಾರಿ ಎಸ್‌ಎಂಎಸ್‌ಗಳು ಹತ್ತಂಕಿ ನಂಬರಿನಿಂದಲ್ಲ, ಕಳಿಸುವವರ ಗುರುತಾದ ‘ಹೆಡರ್’ ಎಂಬ ಚಿಕ್ಕ ಹೆಸರಿನಿಂದ ಬರುತ್ತವೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2025ರಲ್ಲಿ ನಿಯಮ ತಿದ್ದಿದ ನಂತರ ಹೆಡರಿನ ಕೊನೆಗೆ ಒಂದು ಅಕ್ಷರ ಸೇರಿದೆ. `-P` ಇದ್ದರೆ ಪ್ರಚಾರ, `-S` ಸೇವೆ, `-T` ವಹಿವಾಟು, `-G` ಸರ್ಕಾರದ್ದು. ಹೆಡರ್ ಯಾರದೆಂದು `smsheader.trai.gov.in` ತಾಣದಲ್ಲಿ ಹುಡುಕಬಹುದು. ಬೇಡದ ಮೆಸೇಜು ಬಂದ ಏಳು ದಿನದೊಳಗೆ ಟ್ರಾಯ್ ಡಿಎನ್‌ಡಿ ಆ್ಯಪ್‌ನಲ್ಲಿ ಅಥವಾ 1909ಕ್ಕೆ ದೂರು ಕೊಡಬೇಕು. ಹೆಡರ್, ತಾರೀಖು, ಮೆಸೇಜಿನ ಪಠ್ಯ ಮೂರೂ ಇರಬೇಕು. ಡಿಎನ್‌ಡಿಗೆ ನೋಂದಾಯಿಸದವರೂ ಈಗ ದೂರು ಕೊಡಬಹುದು. ವಾಟ್ಸ್ಆ್ಯಪ್‌ನಲ್ಲಿ ಬರುವುದಕ್ಕೆ ಈ ಯಾವ ನಿಯಮವೂ ತಾಗುವುದಿಲ್ಲ. ಅಂಗಡಿಗಳು ಅತ್ತ ಜಾರುತ್ತಿರುವುದಕ್ಕೆ ಇದೂ ಕಾರಣವೆಂದು ನಮ್ಮ ಅನಿಸಿಕೆ. ಅಲ್ಲಿ ಬ್ಲಾಕ್ ಮಾಡಿ ರಿಪೋರ್ಟ್ ಮಾಡುವುದೊಂದೇ ದಾರಿ.

ಅಂಗಡಿ ಬಿಲ್ ಕೊಡಲು ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬೇಕು. ಆದರೆ 300 ರೂಪಾಯಿಯ ಬಿಲ್ಲಿಗೆ ಯಾರು ಆಯೋಗಕ್ಕೆ ಅಲೆಯುತ್ತಾರೆ? ಈ ವಿಷಯ ಒಬ್ಬೊಬ್ಬರ ದೂರಿನಿಂದ ಬಗೆಹರಿಯುವುದಲ್ಲ ಎಂದು ತಮ್ಮ ಮುಂದೆ ತಂದಿರುವುದು ಅದಕ್ಕೇ.

ಹೊಸ ಕಾನೂನಿನ ಮಾತೂ ಬರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಅಂಗಡಿಗಳ ಮೇಲೆ ಹೊಣೆ ಹೊರಿಸುವ ಮುಖ್ಯ ಸೆಕ್ಷನ್‌ಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶವಿದೆ, ಅಂದರೆ 2027ರ ಮೇ. ಕಾಯ್ದೆಯ 7ನೇ ಸೆಕ್ಷನ್ ಕೊಡುವ ಉದಾಹರಣೆಯೇ ಔಷಧಿ ಅಂಗಡಿಯದು: ಗ್ರಾಹಕಿಯೊಬ್ಬಳು ತಾನಾಗಿ ನಂಬರ್ ಕೊಟ್ಟು, ದುಡ್ಡು ಸಂದ ರಸೀದಿಯನ್ನು ಮೊಬೈಲಿಗೆ ಕಳಿಸಿ ಎಂದು ಕೇಳುತ್ತಾಳೆ; ಅಂಗಡಿ ಆ ನಂಬರನ್ನು ರಸೀದಿ ಕಳಿಸಲು ಬಳಸಬಹುದು. ಉದಾಹರಣೆ ಅಲ್ಲಿಗೇ ನಿಲ್ಲುತ್ತದೆ. ಯುಗಾದಿ ಆಫರಿಗೆ ಬಳಸಬೇಕಾದರೆ ಬೇರೆಯಾಗಿ, ಏತಕ್ಕೆಂದು ತಿಳಿಸಿ, ಒಪ್ಪಿಗೆ ಪಡೆಯಬೇಕು. ಕೇಳುವವರಿಗೆ ಆ ಒಕ್ಕಣೆ ಕನ್ನಡದಲ್ಲೂ ಸಿಗಬೇಕು. ಕೊಟ್ಟ ಒಪ್ಪಿಗೆ ವಾಪಸ್ ಪಡೆಯಬಹುದು, ಅಳಿಸಿ ಎನ್ನಬಹುದು. ಮೊದಲೇ ಒಪ್ಪಿಗೆಯಿಂದ ಕೂಡಿಸಿಟ್ಟ ನಂಬರುಗಳ ಬಗ್ಗೆಯೂ ಗ್ರಾಹಕರಿಗೆ ತಿಳಿವಳಿಕೆ ನೋಟಿಸ್ ಕೊಡಬೇಕಾಗುತ್ತದೆ. ಈಗ ಏನೂ ಯೋಚಿಸದೆ ಪಟ್ಟಿ ಬೆಳೆಸುತ್ತಿರುವ ವ್ಯಾಪಾರಿಗಳು ಆಗ ಆ ಪಟ್ಟಿಯ ಹೊಣೆಯನ್ನೂ ಹೊರಬೇಕು.

ತಮ್ಮಿಂದ ನಾವು ಕೋರುವುದು ಮೂರೇ ಕೆಲಸ. ಪರಿಷತ್ತು ವರ್ಷಕ್ಕೆ ಕನಿಷ್ಠ ಎರಡು ಸಲ ಸೇರಬೇಕೆಂದು ಕಾಯ್ದೆಯಿದೆ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿ, ವ್ಯಾಪಾರಿ ಸಂಘಗಳನ್ನೂ ಔಷಧಿ ವ್ಯಾಪಾರಿಗಳನ್ನೂ ಕರೆಸಿ. ಎರಡನೆಯದು, ಆಹಾರ ಇಲಾಖೆಯ ಮತ್ತು ಕಾನೂನು ಮಾಪನಶಾಸ್ತ್ರದ ಅಧಿಕಾರಿಗಳು ತಪಾಸಣೆಗೆ ಹೋದಾಗ ಸಾಮಾನ್ಯ ಗಿರಾಕಿಯಂತೆ ಒಂದು ಸಣ್ಣ ಸಾಮಾನು ಕೊಂಡು, ನಂಬರ್ ಕೊಡದೆ ಬಿಲ್ ಕೇಳಿ ನೋಡಲಿ. ಬರುತ್ತದೆ ಅಥವಾ ಬರುವುದಿಲ್ಲ, ಐದು ನಿಮಿಷದ ಕೆಲಸ. ಬಿಲ್ ಬಾರದ ಮಳಿಗೆಗಳ ಕೀಲಿ ಬೇರೆ ಊರಿನ ಮುಖ್ಯ ಕಚೇರಿಯಲ್ಲಿದ್ದರೆ, 16ನೇ ಸೆಕ್ಷನ್ ಅಡಿ ವರದಿ ಕಳಿಸಲು ಅಷ್ಟು ಆಧಾರ ಸಾಕು.

ಮೂರನೆಯದು ಒಂದು ಬೋರ್ಡು. ಕೌಂಟರಿನ ಈ ಕಡೆ, ಗಿರಾಕಿಯ ಕಣ್ಣಿಗೆ ಬೀಳುವ ಹಾಗೆ, ಎ4 ಹಾಳೆಯಷ್ಟು ದೊಡ್ಡದು. ನಮ್ಮ ಪೇಟೆಯಲ್ಲಿ ಕನ್ನಡದ ಜೊತೆ ತೆಲುಗು, ಉರ್ದು ಓದುವವರೂ ಇರುವುದರಿಂದ ಮೂರರಲ್ಲೂ ಇದ್ದರೆ ಒಳ್ಳೆಯದು. ಒಕ್ಕಣೆ ಇಷ್ಟಿದ್ದರೆ ಸಾಕು:

“ಬಿಲ್ ಪಡೆಯಲು ಮೊಬೈಲ್ ನಂಬರ್ ಕಡ್ಡಾಯವಲ್ಲ. ನಂಬರ್ ಕೊಟ್ಟರೆ ನಾವು ಅದನ್ನು ಬಳಸುವುದು ________ ಗಾಗಿ. ಅಳಿಸಬೇಕಿದ್ದರೆ ಇವರನ್ನು ಕೇಳಿ: ________. ದೂರಿಗೆ: 1915.”

ಖಾಲಿ ಜಾಗಗಳನ್ನು ಅಂಗಡಿಯವರೇ ತುಂಬಲಿ. ಮೊದಲನೆಯದರಲ್ಲಿ ಏನು ಬರೆಯುತ್ತಾರೆ ಎಂದು ನೋಡುವ ಕುತೂಹಲ ನಮಗಿದೆ.

ಇಂತಿ,
ಬಳ್ಳಾರಿಯ ಕೆಲವು ಗ್ರಾಹಕರು ಮತ್ತು ಬಿಲ್ಲಿಂಗ್ ಕೆಲಸದವರು